ಮಳಿಗೆಗೆ ಕೊಟ್ಟ ಕೀ ಮನಿ, ಬಿಡುವಾಗ ವಾಪಸ್ ಬರುತ್ತಾ?

ಈ ಪ್ರಶ್ನೆ ನನಗೆ ಎರಡು ರೀತಿಯಲ್ಲಿ ಬರುತ್ತದೆ. ಮಳಿಗೆ ಹಿಡಿಯುವ ಮೊದಲು ಕೇಳುವವರು, "ಇಷ್ಟು ದೊಡ್ಡ ಮೊತ್ತ ಕೇಳ್ತಿದ್ದಾರೆ, ಕೊಡಬಹುದಾ?" ಎನ್ನುತ್ತಾರೆ. ಖಾಲಿ ಮಾಡುವ ಹೊತ್ತಿಗೆ ಕೇಳುವವರು, "ಮಾಲೀಕರು ಅದನ್ನು ವಾಪಸ್ ಕೊಡಲೇಬೇಕು ಅಲ್ವಾ?" ಎನ್ನುತ್ತಾರೆ. ಎರಡನೆಯವರಿಗೆ ಸಾಮಾನ್ಯವಾಗಿ ನನ್ನ ಉತ್ತರ ಇಷ್ಟವಾಗುವುದಿಲ್ಲ. ಆ ಹಣ ವಾಪಸ್ ಬರುವುದಿದ್ದರೆ ಹೆಚ್ಚಾಗಿ ಮಾಲೀಕರಿಂದ ಬರುವುದಿಲ್ಲ, ನಿಮ್ಮ ನಂತರ ಆ ಜಾಗಕ್ಕೆ ಬರುವವರಿಂದ ಬರುತ್ತದೆ. ಅವರು ಕೊಡುತ್ತಾರೋ ಇಲ್ಲವೋ ಎನ್ನುವುದು ನೀವು ಒಳಗೆ ಬಂದ ದಿನ ಸಹಿ ಹಾಕಿದ ಕರಾರಿನಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಹಾಗಾಗಿ ಬಿಡುವುದನ್ನು ಯೋಚಿಸುತ್ತಾ ಹಿಡಿಯುವುದು ಹೇಗೆ ಎಂದು ಹಂತ ಹಂತವಾಗಿ ಹೇಳುತ್ತೇನೆ. ಈಗಾಗಲೇ ಹಣ ಕೊಟ್ಟಾಗಿದೆ ಎನ್ನುವವರು ಮೊದಲ ಮೂರು ಹಂತ ಓದಿ, ಸೀದಾ ಆರನೆಯದಕ್ಕೆ ಹೋಗಬಹುದು.

ಹಂತ 1: ಹಣ ಯಾರ ಕೈಗೆ, ಯಾವ ಹೆಸರಲ್ಲಿ ಹೋಗುತ್ತಿದೆ ಎಂದು ಬರೆದುಕೊಳ್ಳಿ

ಮಾತಿನಲ್ಲಿ ಎಲ್ಲವೂ "ಅಡ್ವಾನ್ಸ್" ಆಗಿಬಿಡುತ್ತದೆ. ಆದರೆ ಇದರೊಳಗೆ ಮೂರು ಬೇರೆ ಬೇರೆ ಹಣಗಳಿವೆ.

ಒಂದು, ಠೇವಣಿ. ಇದು ಮಾಲೀಕರ ಬಳಿ ಭದ್ರತೆಗೆ ಇಡುವ ಹಣ. ಬಾಡಿಗೆ ಬಾಕಿ ಮತ್ತು ಹಾನಿಯ ಖರ್ಚು ಕಳೆದು ಉಳಿದದ್ದು ನಿಮಗೆ ವಾಪಸ್ ಬರಬೇಕಾದ್ದು. ಅದು ಮಾಲೀಕರ ಬಳಿ ಇದ್ದರೂ ನಿಮ್ಮದೇ ಹಣ.

ಎರಡು, ಕೀ ಮನಿ. ಮಳಿಗೆಯನ್ನು ನಿಮಗೇ ಕೊಡಲು ಮಾಲೀಕರು ತೆಗೆದುಕೊಳ್ಳುವ ಮೊತ್ತ. ಕೆಲವರು ಪ್ರೀಮಿಯಂ ಎನ್ನುತ್ತಾರೆ, ಕೆಲವರು ಪಗಡಿ ಎನ್ನುತ್ತಾರೆ. ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದರೆ, ಕಾನೂನೂ ಅಡ್ಡ ಬರದಿದ್ದರೆ, ಇದು ಕೊಟ್ಟ ಕ್ಷಣಕ್ಕೆ ಅವರದಾಯಿತು.

ಮೂರು, ಗುಡ್‌ವಿಲ್. ಇದನ್ನು ಕೊಡುವುದು ಮಾಲೀಕರಿಗಲ್ಲ, ಜಾಗ ಬಿಟ್ಟು ಹೋಗುತ್ತಿರುವ ಹಳೆಯ ಬಾಡಿಗೆದಾರರಿಗೆ. ಅವರು ಕಟ್ಟಿದ ವ್ಯಾಪಾರ, ಹಾಕಿಸಿದ ಒಳಾಂಗಣ, ಅವರ ಕೈಯಲ್ಲಿರುವ ಕರಾರಿನ ಉಳಿದ ಅವಧಿ ಎಲ್ಲ ಸೇರಿ ಕೇಳುವ ಬೆಲೆ. ಇದನ್ನು ಮಾಲೀಕರ ಬಳಿ ವಾಪಸ್ ಕೇಳಲು ಆಗುವುದೇ ಇಲ್ಲ. ಅವರು ಪಡೆದೇ ಇಲ್ಲವಲ್ಲ!

ಒಂದು ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಪ್ರತಿ ಮೊತ್ತದ ಎದುರು ಯಾರಿಗೆ, ಏಕೆ, ವಾಪಸ್ ಬರಬೇಕೋ ಬೇಡವೋ ಎಂದು ಬರೆಯಿರಿ. ಯಾವುದಾದರೂ ಸಾಲು ತುಂಬಲು ಆಗದಿದ್ದರೆ ಆ ಹಣ ಕೊಡುವ ಸಮಯ ಇನ್ನೂ ಬಂದಿಲ್ಲ.

ಎಚ್ಚರ: ಮಾಲೀಕರು "ಎಲ್ಲಾ ಸೇರಿ ಇಷ್ಟು" ಎಂದು ಒಂದೇ ಮೊತ್ತ ಹೇಳಿದರೆ, ಅದರಲ್ಲಿ ಠೇವಣಿ ಎಷ್ಟು ಎಂದು ಅಲ್ಲೇ ಕೇಳಿ, ಕರಾರಿನಲ್ಲಿ ಅಂಕಿಯಾಗಿ ಬರೆಸಿ. ಬೇರೆ ಬೇರೆಯಾಗಿ ಬರೆಯದ ಹಣವನ್ನು ಬಿಡುವ ದಿನ ಠೇವಣಿ ಎಂದು ಸಾಬೀತು ಮಾಡುವುದು ಬಹಳ ಕಷ್ಟ.

ಹಂತ 2: ನಿಮ್ಮ ಜಾಗದ ಕಾನೂನು ಯಾವ ಬಗೆಯದು ಎಂದು ತಿಳಿದುಕೊಳ್ಳಿ

ಇಲ್ಲಿ ಒಂದೇ ಉತ್ತರ ಎಲ್ಲ ಕಡೆಗೂ ನಡೆಯುವುದಿಲ್ಲ. ಬೇರೆ ಬೇರೆ ಕಾನೂನುಗಳು ಎಷ್ಟು ದೂರ ದೂರ ನಿಂತಿವೆ ಎಂದು ತೋರಿಸಲು ನಾಲ್ಕು ಉದಾಹರಣೆ ಸಾಕು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1994ರ ಚಿಲ್ಲರೆ ಮಳಿಗೆಗಳ ಗುತ್ತಿಗೆ ಕಾಯ್ದೆ ಇದೆ. ಅದರ ವ್ಯಾಪ್ತಿಗೆ ಬರುವ ಮಳಿಗೆಯನ್ನು ಬಾಡಿಗೆಗೆ ಕೊಡಲು ಮಾಲೀಕರು ಕೀ ಮನಿಯನ್ನಾಗಲಿ ಗುಡ್‌ವಿಲ್ ಹಣವನ್ನಾಗಲಿ ಕೇಳುವಂತಿಲ್ಲ, ಪಡೆಯುವಂತೆಯೂ ಇಲ್ಲ. ಪಡೆದಿದ್ದರೆ ಬಾಡಿಗೆದಾರರು ಅದನ್ನು ವಾಪಸ್ ವಸೂಲಿ ಮಾಡಬಹುದು. ಆದರೆ ವ್ಯಾಪಾರ ಮಾರುವ ಬಾಡಿಗೆದಾರರು ಕೊಳ್ಳುವವರಿಂದ ಗುಡ್‌ವಿಲ್ ಪಡೆಯುವುದಕ್ಕೆ ಈ ನಿಷೇಧ ಅಡ್ಡಿಯಲ್ಲ.

ಫ್ರಾನ್ಸಿನಲ್ಲಿ ಎರಡು ಹಣಕ್ಕೂ ಬೇರೆ ಬೇರೆ ಹೆಸರೇ ಇದೆ. ಮಾಲೀಕರಿಗೆ ಪ್ರವೇಶದಲ್ಲಿ ಕೊಡುವುದು "ಪಾ ದ ಪೋರ್ತ್". ಅದು ಸಾಮಾನ್ಯವಾಗಿ ವಾಪಸ್ ಇಲ್ಲ. ಹಳೆಯ ಬಾಡಿಗೆದಾರರಿಗೆ ಅವರ ಕರಾರಿನ ಹಕ್ಕಿಗಾಗಿ ಕೊಡುವುದು "ದ್ರುವಾ ಓ ಬೈ". ಅದನ್ನು ನೀವು ಹೋಗುವಾಗ ಮುಂದಿನವರಿಗೆ ಮಾರಬಹುದು. ವ್ಯಾಪಾರದ ಜೊತೆಗೇ ಕರಾರನ್ನು ಕೊಳ್ಳುವವರಿಗೆ ದಾಟಿಸುವುದನ್ನು ಅಲ್ಲಿನ ಮಾಲೀಕರು ಪೂರ್ತಿ ತಡೆಯುವಂತಿಲ್ಲ.

ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 56ನೇ ಕಲಂ ಪಗಡಿ ವ್ಯವಹಾರಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಬಾಡಿಗೆದಾರರು ಹಕ್ಕು ಬಿಟ್ಟುಕೊಡಲು ಅಥವಾ ವರ್ಗಾಯಿಸಲು ಹಣ ಪಡೆಯಬಹುದು. ಆ ವರ್ಗಾವಣೆಗೆ ಒಪ್ಪಲು ಮಾಲೀಕರೂ ಹಣ ಪಡೆಯಬಹುದು.

ಈ ಪ್ರಶ್ನೆಗೆ ತೀರಾ ನೇರವಾಗಿ ಉತ್ತರ ಕೊಟ್ಟಿರುವುದು ದಕ್ಷಿಣ ಕೊರಿಯಾ. 2015ರ ತಿದ್ದುಪಡಿಯ ನಂತರ ಅಲ್ಲಿ, ಬಿಟ್ಟುಹೋಗುವ ಬಾಡಿಗೆದಾರರು ತಾವೇ ಹೊಸಬರನ್ನು ಕರೆತಂದು ಅವರಿಂದ ಹಣ ಪಡೆಯುವ ಅವಕಾಶವನ್ನು ಮಾಲೀಕರು ಹಾಳು ಮಾಡುವಂತಿಲ್ಲ. ಕರಾರು ಮುಗಿಯುವ 6 ತಿಂಗಳ ಮೊದಲಿನಿಂದ ಮುಗಿಯುವ ದಿನದವರೆಗೆ ಈ ರಕ್ಷಣೆ. ತಡೆದರೆ ಮಾಲೀಕರು ನಷ್ಟ ಕಟ್ಟಿಕೊಡಬೇಕು. ಗಮನಿಸಿ, ಅಷ್ಟು ಗಟ್ಟಿ ಕಾನೂನು ಇರುವಲ್ಲೂ ಮಾಲೀಕರು ಆ ಹಣವನ್ನು ತಮ್ಮ ಕಿಸೆಯಿಂದ ಹಿಂದಿರುಗಿಸಬೇಕು ಎಂದಿಲ್ಲ. ದಾರಿ ಬಿಡಬೇಕು ಎಂದಷ್ಟೇ ಇದೆ. ಮೂರು ತಿಂಗಳ ಬಾಡಿಗೆಯಷ್ಟು ಬಾಕಿ ಉಳಿಸಿಕೊಂಡವರಿಗೆ ಈ ರಕ್ಷಣೆಯೂ ಸಿಗದು.

ವಕೀಲರ ಬಳಿ ಹೋದಾಗ ಮೂರು ಪ್ರಶ್ನೆ ಕೇಳಿ: ಇಲ್ಲಿ ಮಾಲೀಕರು ಕೀ ಮನಿ ಪಡೆಯುವುದು ಕಾನೂನಿಗೆ ಸರಿಯೇ? ಕರಾರನ್ನು ವರ್ಗಾಯಿಸುವ ಹಕ್ಕು ನನಗೆ ತಾನಾಗಿ ಬರುತ್ತದೆಯೇ, ಬರೆಸಿಕೊಳ್ಳಬೇಕೇ? ಅವಧಿ ಮುಗಿದಾಗ ನವೀಕರಣದ ಹಕ್ಕಿದೆಯೇ?

ಹಂತ 3: ಕೇಳುತ್ತಿರುವ ಮೊತ್ತವನ್ನು ಬಿಡಿಸಿ ನೋಡಿ

ಗುಡ್‌ವಿಲ್ ಎಂದು ಹೇಳುವ ಒಂದೇ ಅಂಕಿಯಲ್ಲಿ ಮೂರು ವಸ್ತು ಇರುತ್ತವೆ: ಸಾಮಾನು ಸರಂಜಾಮು, ಜಾಗ, ವ್ಯಾಪಾರ. ಇವು ಹಳೆಯದಾಗುವ ವೇಗ ಬೇರೆ ಬೇರೆ. ಅದಕ್ಕೇ ಇವುಗಳನ್ನು ಬಿಡಿಸಬೇಕು.

ಒಂದು ಲೆಕ್ಕ ಹಾಕೋಣ. ತಿಂಗಳ ಬಾಡಿಗೆ 40 ಸಾವಿರ, ಕರಾರು 5 ವರ್ಷ. ಹಳೆಯ ಬಾಡಿಗೆದಾರರು 12 ಲಕ್ಷ ಕೇಳುತ್ತಿದ್ದಾರೆ ಎಂದುಕೊಳ್ಳಿ. ಚೌಕಾಸಿ ಮಾಡುತ್ತಾ ಕೇಳಿದಾಗ, ಸಾಮಾನಿಗೆ 5, ಜಾಗಕ್ಕೆ 4, ವ್ಯಾಪಾರಕ್ಕೆ 3 ಎಂದರು.

ಸಾಮಾನಿನ 5 ಲಕ್ಷದಲ್ಲಿ 2 ಲಕ್ಷ ನೆಲ, ವೈರಿಂಗ್, ಸೀಲಿಂಗ್‌ಗೆ ಹೋಗಿದೆ. ಇವು ಗೋಡೆಗೆ ಅಂಟಿದ ವಸ್ತು. ಕಿತ್ತೊಯ್ಯಲು ಆಗುವುದಿಲ್ಲ, ಹೆಚ್ಚಿನ ಕರಾರುಗಳಲ್ಲಿ ಕೊನೆಗೆ ಇವು ಮಾಲೀಕರಿಗೇ ಸೇರುತ್ತವೆ. ಈ 2 ಲಕ್ಷವನ್ನು ಹೋಯಿತೆಂದೇ ಲೆಕ್ಕ ಹಾಕಿ. ಉಳಿದ 3 ಲಕ್ಷ ಕಪಾಟು, ಫ್ರಿಜ್, ಕೌಂಟರ್ ಥರದ್ದು. 6 ವರ್ಷ ಬಾಳುತ್ತವೆ ಎಂದರೆ ವರ್ಷಕ್ಕೆ 50 ಸಾವಿರ ಸವೆಯುತ್ತವೆ.

ಜಾಗಕ್ಕೆ ಕೊಡುವ 4 ಲಕ್ಷ ನಿಜಕ್ಕೂ ಕರಾರಿನ ಉಳಿದ ತಿಂಗಳುಗಳ ಬೆಲೆ. ಮೂಲೆ ಅಂಗಡಿ, ಜನ ಓಡಾಡುವ ರಸ್ತೆ ಎಲ್ಲ ಸರಿ. ಆದರೆ ಆ ರಸ್ತೆ ನಿಮಗೆ 60 ತಿಂಗಳಿಗಷ್ಟೇ ಸಿಗುವುದು.

ವ್ಯಾಪಾರದ 3 ಲಕ್ಷ ಹೇಗೆ ಬಂತು? ಎಲ್ಲ ಖರ್ಚು ಕಳೆದು, ಅಂಗಡಿಯಲ್ಲಿ ಕೂರುವವರ ಸಂಬಳವನ್ನೂ ಕಳೆದು, ತಿಂಗಳಿಗೆ 25 ಸಾವಿರ ಲಾಭ ಉಳಿಯುತ್ತದೆ, ಅದರ ಒಂದು ವರ್ಷದ್ದು ಎಂದರು. "ಸಂಬಳವನ್ನೂ ಕಳೆದು" ಎನ್ನುವ ಮಾತನ್ನು ಬಿಡಬೇಡಿ. ಮಾಲೀಕತನದ ಲಾಭ ಎಂದು ತೋರಿಸುವ ಎಷ್ಟೋ ಅಂಕಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತವರ ಕೂಲಿ ಅಷ್ಟೇ ಆಗಿರುತ್ತದೆ. ಅದಕ್ಕೆ ಗುಡ್‌ವಿಲ್ ಕೊಡುವುದೆಂದರೆ ನಿಮ್ಮ ಸಂಬಳವನ್ನು ನೀವೇ ಮುಂಗಡವಾಗಿ ಕೊಂಡ ಹಾಗೆ. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ತೆರಿಗೆ ಲೆಕ್ಕ ಕೇಳಿ. "ಪುಸ್ತಕದಲ್ಲಿ ಕಮ್ಮಿ ತೋರಿಸಿದ್ದೀವಿ, ನಿಜವಾದ ವ್ಯಾಪಾರ ಜಾಸ್ತಿ" ಎಂದರೆ ಪುಸ್ತಕದಲ್ಲಿರುವಷ್ಟಕ್ಕೇ ಬೆಲೆ ಕಟ್ಟಿ.

ಈಗ ನೀವು 3 ವರ್ಷ ನಡೆಸಿ ಬಿಡುತ್ತೀರಿ. ಕರಾರಿನಲ್ಲಿ 24 ತಿಂಗಳು ಉಳಿದಿದೆ. ಸಾಮಾನಿಗೆ 1.5 ಲಕ್ಷ. ಜಾಗಕ್ಕೆ 60ರಲ್ಲಿ 24 ತಿಂಗಳ ಪಾಲು, ಅಂದರೆ 1.6 ಲಕ್ಷ. ವ್ಯಾಪಾರ ಅಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ, ಎರಡೇ ವರ್ಷ ಉಳಿದ ಜಾಗಕ್ಕೆ ಬರುವವರು ಅರ್ಧಕ್ಕಿಂತ ಜಾಸ್ತಿ ಕೊಡಲಾರರು. ಹಾಗಾಗಿ 1.5 ಎಂದಿಟ್ಟುಕೊಳ್ಳಿ. ಒಟ್ಟು 4.6 ಲಕ್ಷ.

ಮಾಲೀಕರು ಹೊಸಬರಿಗೆ ಹೊಸದಾಗಿ 5 ವರ್ಷದ ಕರಾರು ಕೊಡಲು ಒಪ್ಪಿದರೆ? ಜಾಗಕ್ಕೆ ಮತ್ತೆ 4, ವ್ಯಾಪಾರಕ್ಕೆ 3, ಸಾಮಾನಿಗೆ 1.5. ಒಟ್ಟು 8.5 ಲಕ್ಷ. ಅಂಗಡಿ ಅದೇ, ವ್ಯಾಪಾರ ಅದೇ. ಮಾಲೀಕರ ಒಂದು ಸಹಿಗೆ 3.9 ಲಕ್ಷದ ವ್ಯತ್ಯಾಸ. ಅವರು ವರ್ಗಾವಣೆಗೇ ಒಪ್ಪದಿದ್ದರೆ ನಿಮಗೆ ಉಳಿಯುವುದು ಹಳೆಯ ಕಪಾಟು ಮಾರಿದ ಹಣ.

ಇದನ್ನೇ ತಿಂಗಳ ಬಾಡಿಗೆಗೆ ತಿರುಗಿಸಿ ನೋಡಿ. 8.5 ವಾಪಸ್ ಬಂದರೆ ಕಳೆದುಕೊಂಡದ್ದು 3.5 ಲಕ್ಷ. 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 9,700. 4.6 ಬಂದರೆ ಸುಮಾರು 20,600. ಏನೂ ಬರದಿದ್ದರೆ 33,300. ಅಂದರೆ ನಿಮ್ಮ ನಿಜವಾದ ಬಾಡಿಗೆ 40 ಸಾವಿರವಲ್ಲ, 73 ಸಾವಿರ. ನನ್ನ ಅಭಿಪ್ರಾಯ ಕೇಳಿದರೆ, ಏನೂ ವಾಪಸ್ ಬರುವುದಿಲ್ಲ ಎಂದುಕೊಂಡು, ಇಡೀ 12 ಲಕ್ಷವನ್ನು ಕರಾರಿನ 60 ತಿಂಗಳಿಗೆ ಹಂಚಿ. ತಿಂಗಳಿಗೆ 20 ಸಾವಿರ ಆಯಿತು. 60 ಸಾವಿರ ಬಾಡಿಗೆಗೆ ಈ ವ್ಯಾಪಾರ ನಡೆಯುತ್ತದಾ? ನಡೆಯದಿದ್ದರೆ ಆ ಮಳಿಗೆ ನಿಮಗಲ್ಲ.

ಹಂತ 4: ಕರಾರಿನಲ್ಲಿ ನಾಲ್ಕು ವಾಕ್ಯ ಹುಡುಕಿ

ಮೊದಲನೆಯದು ವರ್ಗಾವಣೆ. ಅಂದರೆ ಕರಾರಿನ ಉಳಿದ ಅವಧಿಯನ್ನು ಇನ್ನೊಬ್ಬರ ಹೆಸರಿಗೆ ದಾಟಿಸುವುದು. "ಮಾಲೀಕರ ಒಪ್ಪಿಗೆ ಇಲ್ಲದೆ ವರ್ಗಾಯಿಸುವಂತಿಲ್ಲ" ಎಂದಷ್ಟೇ ಇದ್ದರೆ ನಿಮ್ಮ ಗುಡ್‌ವಿಲ್ ಅವರ ಮರ್ಜಿಯಲ್ಲಿದೆ. "ಸರಿಯಾದ ಕಾರಣವಿಲ್ಲದೆ ಒಪ್ಪಿಗೆ ನಿರಾಕರಿಸುವಂತಿಲ್ಲ, ಇಷ್ಟು ದಿನದೊಳಗೆ ಲಿಖಿತ ಉತ್ತರ ಕೊಡಬೇಕು" ಎಂದು ಸೇರಿಸಿ. ಒಪ್ಪಿಗೆಗೆ ಮಾಲೀಕರು ಶುಲ್ಕ ಅಥವಾ ಗುಡ್‌ವಿಲ್‌ನಲ್ಲಿ ಪಾಲು ಕೇಳುವುದಿದ್ದರೆ ಅದು ಎಷ್ಟು ಎಂದು ಈಗಲೇ ಬರೆಸಿ. ಕೊನೆಯ ದಿನ ಕೇಳಿದರೆ ಅವರು ಹೇಳಿದ್ದೇ ರೇಟು.

ಎರಡನೆಯದು ಒಳಬಾಡಿಗೆ. ಇದನ್ನು ವರ್ಗಾವಣೆ ಎಂದುಕೊಳ್ಳಬೇಡಿ. ಒಳಬಾಡಿಗೆಯಲ್ಲಿ ಮಾಲೀಕರ ಎದುರು ಹೊಣೆ ನಿಮ್ಮದೇ ಉಳಿಯುತ್ತದೆ, ಬಂದವರು ಬಾಡಿಗೆ ಕಟ್ಟದಿದ್ದರೆ ನೀವು ಕಟ್ಟಬೇಕು. ಅನುಮತಿ ಇಲ್ಲದೆ ಒಳಬಾಡಿಗೆ ಕೊಟ್ಟರೆ ಮಾಲೀಕರಿಗೆ ಕರಾರು ಮುರಿಯಲು ಕಾರಣವೂ ಸಿಗುತ್ತದೆ.

ಮೂರನೆಯದು, ಮಾಲೀಕರು ನಡುವೆಯೇ ಬಿಡಿಸುವ ಅಧಿಕಾರ. "ಕಟ್ಟಡ ಕೆಡವಿ ಕಟ್ಟುವುದಿದ್ದರೆ 6 ತಿಂಗಳ ನೋಟಿಸ್" ಎಂಬ ಒಂದು ಸಾಲು ಇದ್ದರೆ, ನಿಮ್ಮ ಬಳಿ ಇರುವುದು 5 ವರ್ಷದ ಕರಾರಲ್ಲ, 6 ತಿಂಗಳದ್ದು. ಅದರ ಮೇಲೆ 4 ಲಕ್ಷ ಹಾಕುವುದು ಜೂಜು.

ನಾಲ್ಕನೆಯದು ಹಿಂದಿರುಗಿಸುವ ವಾಕ್ಯ. ಇದು ತಾನಾಗಿ ಇರುವುದಿಲ್ಲ, ಕೇಳಿ ಬರೆಸಬೇಕು. ಮಾಲೀಕರಿಗೆ ಕೀ ಮನಿ ಕೊಡುತ್ತಿದ್ದರೆ, "ಬಾಡಿಗೆದಾರರ ತಪ್ಪಿಲ್ಲದೆ ಮಾಲೀಕರು ಅವಧಿಗೆ ಮೊದಲೇ ಬಿಡಿಸಿದರೆ, ಉಳಿದ ತಿಂಗಳುಗಳ ಪ್ರಮಾಣದಲ್ಲಿ ಕೀ ಮನಿ ಹಿಂದಿರುಗಿಸಬೇಕು" ಎಂದು ಬರೆಸಿ. ನೀವಾಗಿ ಬಿಟ್ಟರೂ ಕೊಡಬೇಕು ಎಂದರೆ ಯಾರೂ ಒಪ್ಪುವುದಿಲ್ಲ. ಆದರೆ ಅವರಾಗಿ ಬಿಡಿಸಿದಾಗ ಕೊಡಬೇಕು ಎನ್ನುವುದನ್ನು ನ್ಯಾಯವಾಗಿ ನಡೆದುಕೊಳ್ಳುವ ಮಾಲೀಕರು ಒಪ್ಪುತ್ತಾರೆ. ಅದಕ್ಕೂ ತಕರಾರು ತೆಗೆದರೆ, ಕಾರಣ ಏನಿರಬಹುದು ಎಂದು ಯೋಚಿಸಿ.

ಹಂತ 5: ಹಣ ಕೊಡುವ ಕ್ರಮ

ಇಲ್ಲಿ ಬೀಳುವವರೇ ಹೆಚ್ಚು. ಹಳೆಯ ಬಾಡಿಗೆದಾರರಿಗೆ 12 ಲಕ್ಷ ಕೊಟ್ಟು ಕೀ ತೆಗೆದುಕೊಳ್ಳುತ್ತಾರೆ. ವಾರದ ನಂತರ ಮಾಲೀಕರ ಬಳಿ ಹೋದರೆ ಅವರು, "ಅವರು ಯಾರು ನಿಮಗೆ ಮಳಿಗೆ ಕೊಡೋಕೆ?" ಎನ್ನುತ್ತಾರೆ. ಮಾತು ಸರಿಯೇ. ತಮಗಿಲ್ಲದ ಹಕ್ಕನ್ನು ಯಾರೂ ಮಾರಲಾರರು.

ಹಾಗಾಗಿ ಮಾಲೀಕರು, ಹಳೆಯ ಬಾಡಿಗೆದಾರರು, ನೀವು, ಮೂವರೂ ಒಂದೇ ಪತ್ರಕ್ಕೆ ಸಹಿ ಹಾಕಬೇಕು. ಅದರಲ್ಲಿ ಮಾಲೀಕರ ಒಪ್ಪಿಗೆ, ಉಳಿದ ಅವಧಿ, ಹಳೆಯ ಠೇವಣಿ ಯಾರಿಗೆ ಸೇರಬೇಕು, ಹಳೆಯ ಬಾಡಿಗೆ ಮತ್ತು ಕರೆಂಟ್ ಬಿಲ್ ಬಾಕಿ ಯಾರ ಮೇಲೆ ಎನ್ನುವುದೆಲ್ಲ ಇರಲಿ. ಸಹಿಗೆ ಮೊದಲು ಸಣ್ಣ ಟೋಕನ್ ಮಾತ್ರ ಕೊಡಿ. "ಮಾಲೀಕರು ಒಪ್ಪದಿದ್ದರೆ ಇದು ವಾಪಸ್" ಎಂದು ಟೋಕನ್ ರಸೀದಿಯಲ್ಲೇ ಬರೆಸಿ. ದೊಡ್ಡ ಮೊತ್ತ ಸಹಿಯ ದಿನ, ಬ್ಯಾಂಕ್ ಮೂಲಕ. ಸಾಧ್ಯವಾದರೆ ಒಂದು ಸಣ್ಣ ಪಾಲನ್ನು ಒಂದೆರಡು ತಿಂಗಳು ಹಿಡಿದಿಟ್ಟುಕೊಳ್ಳಿ. ಹಳಬರಿಗೆ ಸಾಲ ಕೊಟ್ಟವರು ಬಾಗಿಲು ತಟ್ಟುವುದು ಆ ಹೊತ್ತಲ್ಲೇ.

ರಸೀದಿ ಇಲ್ಲದೆ ಕೈಯಲ್ಲಿ ಕೊಟ್ಟ ಹಣದ ಕಥೆ ಬೇರೆ ಹೇಳಬೇಕಿಲ್ಲ. ಒಂದು ಮಾತು ಮಾತ್ರ: ನೀವು ಕೊಟ್ಟದ್ದಕ್ಕೆ ದಾಖಲೆ ಇಲ್ಲದಿದ್ದರೆ, ಮಾರುವಾಗ ನಿಮ್ಮ ಬೆಲೆಗೂ ಆಧಾರ ಇರುವುದಿಲ್ಲ. ತೆರಿಗೆ ಲೆಕ್ಕದಲ್ಲೂ ಅದು ಖರ್ಚಾಗಿ ನಿಲ್ಲುವುದಿಲ್ಲ. ರಸೀದಿಯಲ್ಲಿ ಸಾಮಾನು, ಜಾಗ, ವ್ಯಾಪಾರ ಮೂರನ್ನೂ ಬೇರೆ ಬೇರೆ ಬರೆಸಿ. ಇವುಗಳ ತೆರಿಗೆ ಬೇರೆ ಬೇರೆ ಇರಬಹುದು, ಲೆಕ್ಕಪರಿಶೋಧಕರಿಗೆ ಒಮ್ಮೆ ತೋರಿಸಿ.

ಹಳೆಯ ಬಾಡಿಗೆದಾರರು ಇಂತಿಷ್ಟು ವರ್ಷ, ಇಂತಿಷ್ಟು ದೂರದೊಳಗೆ ಅದೇ ವ್ಯಾಪಾರ ಮಾಡುವುದಿಲ್ಲ ಎಂಬ ಸಾಲೂ ಬೇಕು. ಎದುರು ರಸ್ತೆಯಲ್ಲೇ ಅವರು ಬೋರ್ಡ್ ಹಾಕಿದರೆ, ವ್ಯಾಪಾರಕ್ಕೆಂದು ಕೊಟ್ಟ 3 ಲಕ್ಷ ಅವರ ಹಿಂದೆಯೇ ಹೋಯಿತು.

ಹಂತ 6: ಬಿಡುವ ಸಮಯ

ಕರಾರು ಮುಗಿಯುವ ಒಂದು ವರ್ಷ ಮೊದಲೇ ದಿನಾಂಕ ಗುರುತು ಹಾಕಿ. ಉಳಿದ ಅವಧಿ ಕರಗಿದಂತೆ ಜಾಗದ ಬೆಲೆಯೂ ಕರಗುತ್ತದೆ ಎಂದು ಮೇಲಿನ ಲೆಕ್ಕದಲ್ಲಿ ನೋಡಿದಿರಿ. ಕೊನೆಯ ತಿಂಗಳಲ್ಲಿ ನೀವು ಮಾರುವುದು ಕಪಾಟುಗಳನ್ನು ಮಾತ್ರ.

ಮೊದಲು ಬಾಡಿಗೆ ಬಾಕಿ ತೀರಿಸಿ. ಬಾಕಿ ಇರುವವರಿಗೆ ಮಾಲೀಕರು ಇಲ್ಲ ಎನ್ನುವುದು ಸುಲಭ. ಆಮೇಲೆ ಮಾಲೀಕರ ಬಳಿ ಹೋಗಿ, ಹೊಸಬರಿಗೆ ಹೊಸ ಅವಧಿ ಕೊಡುತ್ತೀರಾ, ಎಷ್ಟು ಬಾಡಿಗೆಗೆ ಎಂದು ಕೇಳಿ. ಗಿರಾಕಿ ಹುಡುಕುವ ಮೊದಲೇ ಇದನ್ನು ಕೇಳಬೇಕು. ಅವರು ಬಾಡಿಗೆ ಏರಿಸಿದಷ್ಟೂ ನಿಮ್ಮ ಗುಡ್‌ವಿಲ್ ಇಳಿಯುತ್ತದೆ. ಬಾಡಿಗೆ 40ರಿಂದ 55 ಸಾವಿರಕ್ಕೆ ಹೋದರೆ, 25 ಸಾವಿರದ ಲಾಭದಲ್ಲಿ ಉಳಿಯುವುದು 10 ಸಾವಿರ. 3 ಲಕ್ಷದ ವ್ಯಾಪಾರ 1.2 ಲಕ್ಷಕ್ಕೆ ಬಂತು.

ನಂತರ ಹೊಸಬರನ್ನು ಪರಿಚಯಿಸಿ. ಬಾಯಿಮಾತಲ್ಲಿ ಮಾತ್ರ ಬೇಡ. ಅವರ ವ್ಯಾಪಾರದ ವಿವರ, ಬಾಡಿಗೆ ಕಟ್ಟುವ ಶಕ್ತಿ ತೋರಿಸುವ ಕಾಗದ, ನಿಮಗೆ ಕೊಡಲು ಒಪ್ಪಿದ ಮೊತ್ತ, ಇವನ್ನು ಸೇರಿಸಿ ಮಾಲೀಕರಿಗೆ ಪತ್ರ ಕಳಿಸಿ. ಕಳಿಸಿದ ದಿನಾಂಕದ ದಾಖಲೆ ಇಟ್ಟುಕೊಳ್ಳಿ. ಮಾಲೀಕರು ಸುಮ್ನೆ ಕಾಲ ತಳ್ಳಿದರೆ ಮುಂದೆ ಇದೊಂದೇ ನಿಮ್ಮ ಸಾಕ್ಷಿ.

ದೊಡ್ಡ ಎಚ್ಚರಿಕೆ: ವರ್ಗಾವಣೆ ಪತ್ರಕ್ಕೆ ಸಹಿ ಆಗುವ ಮೊದಲು ಮಾಲೀಕರಿಗೆ ಕೀ ಒಪ್ಪಿಸಬೇಡಿ. "ನೀವು ಖಾಲಿ ಮಾಡಿ, ಹೊಸಬರ ಹತ್ತಿರ ನಾನೇ ಮಾತಾಡ್ತೀನಿ" ಎನ್ನುವುದು ಕೇಳಲು ಹಿತವಾಗಿರುತ್ತದೆ. ಆದರೆ ಕೀ ಕೊಟ್ಟು ಜಾಗ ಒಪ್ಪಿಸಿದರೆ ಕರಾರು ಅಲ್ಲಿಗೆ ಮುಗಿಯುತ್ತದೆ, ಮಾರಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೊಸಬರು ಕೊಡಬೇಕೆಂದಿದ್ದ ಹಣ ಮಾಲೀಕರ ಕೀ ಮನಿಯಾಗಿ ಬದಲಾಗುತ್ತದೆ.

ವರ್ಗಾವಣೆ ಪತ್ರದಲ್ಲಿ ನಿಮ್ಮ ಬಿಡುಗಡೆಯನ್ನೂ ಬರೆಸಿ. ಇಂಗ್ಲೆಂಡಿನಂಥ ಕಡೆ, ಹೊಸಬರು ಬಾಡಿಗೆ ಕಟ್ಟುತ್ತಾರೆ ಎಂದು ಹಳಬರಿಂದ ಖಾತರಿ ಪತ್ರ ಬರೆಸಿಕೊಳ್ಳುವುದು ಸಾಮಾನ್ಯ. ಅಂಥ ಪತ್ರಕ್ಕೆ ಸಹಿ ಹಾಕಿದ್ದರೆ ಅಂಗಡಿ ಮಾರಿ ಎರಡು ವರ್ಷವಾದ ಮೇಲೂ ಬಾಡಿಗೆಯ ನೋಟಿಸ್ ನಿಮ್ಮ ಮನೆಗೆ ಬರಬಹುದು. ಗುಡ್‌ವಿಲ್ ಆಗಿ ಬಂದದ್ದು ಅದಕ್ಕೇ ಹೋಗುತ್ತದೆ.

ಹಂತ 7: ಮಾಲೀಕರು ಅಡ್ಡ ನಿಂತರೆ

ಮೊದಲು ಕಾರಣವನ್ನು ಲಿಖಿತವಾಗಿ ಕೇಳಿ. ಹೊಸಬರಿಗೆ ಬಾಡಿಗೆ ಕಟ್ಟುವ ಶಕ್ತಿ ಇಲ್ಲ, ಅಥವಾ ಆ ವ್ಯಾಪಾರಕ್ಕೆ ಕಟ್ಟಡದಲ್ಲಿ ಅನುಮತಿ ಇಲ್ಲ ಎಂದರೆ ಅದು ಒಪ್ಪುವಂಥ ಕಾರಣ. ಬೇರೆಯವರನ್ನು ಹುಡುಕಿ. ಕಾರಣವೇ ಇಲ್ಲದಿದ್ದರೆ, ಅಥವಾ ನಿಮ್ಮ ಗಿರಾಕಿಯಿಂದಲೇ ಮಾಲೀಕರು ನೇರವಾಗಿ ಹಣ ಕೇಳುತ್ತಿದ್ದರೆ, ಕರಾರಿನ ವರ್ಗಾವಣೆ ವಾಕ್ಯ, ನೀವು ಕಳಿಸಿದ ಪತ್ರ, ಇಷ್ಟು ಕೊಡುತ್ತೇವೆಂದು ಹೊಸಬರು ಬರೆದುಕೊಟ್ಟ ಪತ್ರ, ಈ ಮೂರನ್ನೂ ಹಿಡಿದು ವಕೀಲರ ಬಳಿ ಹೋಗಿ. ಹೊಸಬರ ಪತ್ರ ಏಕೆಂದರೆ, ನಷ್ಟ ಎಷ್ಟು ಎಂದು ತೋರಿಸುವ ಅಂಕಿ ಅದರಲ್ಲೇ ಇರುತ್ತದೆ. ಕೊರಿಯಾದಲ್ಲಿ ಪರಿಹಾರದ ಮಿತಿ ಹಾಕುವಾಗ ಹೊಸಬರು ಕೊಡಲು ಒಪ್ಪಿದ್ದ ಮೊತ್ತ ಮತ್ತು ಕರಾರು ಮುಗಿದಾಗ ಇದ್ದ ಮಾರುಕಟ್ಟೆ ಬೆಲೆ, ಎರಡರಲ್ಲಿ ಕಡಿಮೆಯದನ್ನು ನೋಡುತ್ತಾರೆ. ದಾವೆಗೆ ಕರಾರು ಮುಗಿದ ದಿನದಿಂದ 3 ವರ್ಷ ಸಮಯವಿದೆ. ನಿಮ್ಮಲ್ಲಿ ಆ ಗಡುವು ಎಷ್ಟು ಎನ್ನುವುದನ್ನು ಮೊದಲ ಭೇಟಿಯಲ್ಲೇ ಕೇಳಿ.

ಕರಾರಿನಲ್ಲಿ ವರ್ಗಾವಣೆಯ ಮಾತೇ ಇಲ್ಲ, ಕಾನೂನೂ ಕೈ ಹಿಡಿಯುವುದಿಲ್ಲ ಎಂದಾದರೆ ಚೌಕಾಸಿ ಒಂದೇ ದಾರಿ. ಹೊಸಬರ ಹಣದಲ್ಲಿ ಮಾಲೀಕರಿಗೆ ಒಂದು ಪಾಲು ಕೊಡುವ ಮಾತಾಡಿ, ಅದು ನಿಮ್ಮಲ್ಲಿ ಕಾನೂನಿಗೆ ಸರಿಯಿದ್ದರೆ. 4.6 ಲಕ್ಷದಲ್ಲಿ ಒಂದು ಲಕ್ಷ ಬಿಟ್ಟುಕೊಟ್ಟರೂ 3.6 ಕೈಗೆ ಬರುತ್ತದೆ. ಅದಕ್ಕೂ ಒಪ್ಪದಿದ್ದರೆ, ಬಿಚ್ಚಿ ಒಯ್ಯಬಹುದಾದ ಸಾಮಾನನ್ನು ಕರಾರು ಮುಗಿಯುವ ಮೊದಲೇ ಮಾರಿ, ಠೇವಣಿಯಲ್ಲಿ ಹಾನಿ ಎಂದು ಕಡಿತ ಮಾಡದಂತೆ ಖಾಲಿ ಮಳಿಗೆಯ ಫೋಟೋ ತೆಗೆದಿಟ್ಟುಕೊಂಡು, ಕೀ ಒಪ್ಪಿಸಿದ್ದಕ್ಕೆ ಸಹಿ ಪಡೆದು ಹೊರಬನ್ನಿ.